ಕಾಫಿ ಒಗ್ಗಿದ ಹೊಟ್ಟೆಗೆ ಹಾಲು ಏಕೆ ಒಗ್ಗಲಿಲ್ಲ?

ನಿವೃತ್ತರಾದ ಮೇಲೆ ನಮ್ಮ ಚಿಕ್ಕಪ್ಪ ಮೂಳೆ ಗಟ್ಟಿಯಾಗಲೆಂದು ದಿನಾ ಬೆಳಗ್ಗೆ ಆರಕ್ಕೆ, ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟದ ತುಂಬ ಹಾಲು ಕುಡಿಯತೊಡಗಿದರು. ಏಳರ ಹೊತ್ತಿಗೆ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಆಮೇಲೆ ಉಬ್ಬರ, ಹೊಕ್ಕುಳ ಸುತ್ತ ನುಲಿತ, ಎಂಟರೊಳಗೆ ಭೇದಿ. ಚಿಕ್ಕಮ್ಮ ಹಾಲಿನವನನ್ನು ಬದಲಿಸಿ ನೋಡಿದರು, ಎರಡೆರಡು ಸಲ ಕಾಯಿಸಿ ಕೊಟ್ಟರು. ಪ್ರಯೋಜನವಾಗಲಿಲ್ಲ. “ನಲವತ್ತು ವರ್ಷದಿಂದ ಕಾಫಿ ಕುಡೀತಿದ್ದೀನಿ. ಮೊಸರನ್ನ ಇಲ್ಲದೆ ಊಟ ಮುಗಿಸಿದವನಲ್ಲ. ನನಗೆ ಹಾಲು ಆಗಲ್ಲ ಅಂದ್ರೆ ಹೇಗೋ?” ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ.

ಹಾಲಿನ ಸಿಹಿಗೆ ಕಾರಣ ಲ್ಯಾಕ್ಟೋಸ್ ಎಂಬ ಸಕ್ಕರೆ. ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಬೆಸೆದು ಅದು ಆಗಿದೆ. ಈ ಜೋಡಿ ಇಡಿಯಾಗಿ ರಕ್ತಕ್ಕೆ ಸೇರಲಾರದು, ಮೊದಲು ಬಿಡಿಯಾಗಬೇಕು. ಬಿಡಿಸುವ ಕೆಲಸ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಅದು ಇರುವುದು ಸಣ್ಣಕರುಳಿನ ಒಳಮೈಯಲ್ಲಿ. ಹಸುಗೂಸಿನಲ್ಲಿ ಇದು ಧಾರಾಳವಾಗಿರುತ್ತದೆ. ಮೊಲೆಹಾಲು ಬಿಟ್ಟ ಮೇಲೆ ಕರುವಿನಲ್ಲಾಗಲಿ ಮಗುವಿನಲ್ಲಾಗಲಿ ಅದು ಕುಗ್ಗುತ್ತಾ ಹೋಗುವುದೇ ಸ್ವಾಭಾವಿಕ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಸ್ಥಿತಿ ಇದು. ಕೆಲವರಲ್ಲಿ ಮಾತ್ರ ವಂಶವಾಹಿಯ ಒಂದು ಚಿಕ್ಕ ಬದಲಾವಣೆಯಿಂದ ಕಿಣ್ವ ಜೀವನವಿಡೀ ಉಳಿಯುತ್ತದೆ. ಫಿನ್ಲೆಂಡಿನ ವಿಜ್ಞಾನಿಗಳು 2002ರಲ್ಲಿ ಆ ಬದಲಾವಣೆಯನ್ನು ಗುರುತಿಸಿದರು. ಅದೇ ಬದಲಾವಣೆ ಭಾರತದಲ್ಲೂ ಇದೆ. ವಾಯವ್ಯ ಭಾಗದವರಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಹಾಗಾಗಿ ಚಿಕ್ಕಪ್ಪನ ಕರುಳು ಕೆಟ್ಟಿದೆ ಎನ್ನುವಂತಿಲ್ಲ.

ಕಿಣ್ವ ಸಾಲದಾಗ ನಡೆಯುವುದು ಇಷ್ಟು. ಒಡೆಯದೆ ಉಳಿದ ಲ್ಯಾಕ್ಟೋಸ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರುಳಿನ ಗೋಡೆ ಹೀರಿಕೊಳ್ಳಬೇಕಾಗಿದ್ದ ನೀರು ಒಳಗೇ ನಿಲ್ಲುತ್ತದೆ, ಗೋಡೆಯ ಕಡೆಯಿಂದಲೂ ಒಂದಷ್ಟು ಇಳಿದುಬರುತ್ತದೆ. ಗುಡುಗುಡು ಸದ್ದು ಹೀಗೆ ತುಂಬಿಕೊಂಡ ನೀರು ಮತ್ತು ಗಾಳಿಯ ಓಡಾಟದ್ದು. ಈ ರಾಶಿ ದೊಡ್ಡಕರುಳಿಗೆ ಬಂದಾಗ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ದೋಸೆಹಿಟ್ಟು ಹುಳಿಯುವಂತೆ ಅವು ಲ್ಯಾಕ್ಟೋಸನ್ನು ಹುಳಿಸುತ್ತವೆ. ಆಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಅನಿಲಗಳೂ ಒಂದಷ್ಟು ಆಮ್ಲಗಳೂ ಹುಟ್ಟುತ್ತವೆ. ಗಾಳಿಯಿಂದ ಕರುಳು ಹಿಗ್ಗಿದ್ದೇ ಉಬ್ಬರ ಮತ್ತು ನುಲಿತ. ಆಮ್ಲಗಳನ್ನೂ ನೀರನ್ನೂ ಹೀರಿಕೊಳ್ಳುವ ಶಕ್ತಿ ದೊಡ್ಡಕರುಳಿಗೆ ಇದೆ, ಆದರೆ ಒಂದು ಮಿತಿಯವರೆಗೆ. ಮಿತಿ ದಾಟಿದ್ದು ಭೇದಿಯಾಗಿ ಹೊರಬೀಳುತ್ತದೆ.

ಆ ಮಿತಿಯಲ್ಲೇ ಚಿಕ್ಕಪ್ಪನ ಪ್ರಶ್ನೆಗೆ ಉತ್ತರವಿದೆ. ಹಸುವಿನ ಹಾಲು 100 ಮಿಲಿಲೀಟರ್‌ಗೆ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಹೊತ್ತಿರುತ್ತದೆ. ಒಂದು ಲೋಟ ಕಾಫಿಗೆ 60 ಮಿಲಿಲೀಟರ್ ಹಾಲು ಹಾಕಿದರೆ 3 ಗ್ರಾಂ. ಅವರ ದೊಡ್ಡ ಲೋಟ 300 ಮಿಲಿಲೀಟರಿನದು, ಅಂದರೆ 15 ಗ್ರಾಂ, ಅದೂ ಒಮ್ಮೆಗೇ. ಲ್ಯಾಕ್ಟೇಸ್ ಕಡಿಮೆಯಿರುವ ಬಹುತೇಕರು ಒಂದು ಸಲಕ್ಕೆ ಸುಮಾರು 12 ಗ್ರಾಂವರೆಗೆ ಹೆಚ್ಚು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹಾಲು ಬೇಗ ಕರುಳಿಗೆ ಇಳಿಯುತ್ತದೆ. ತಿಂಡಿಯ ಜೊತೆ ಕುಡಿದರೆ ನಿಧಾನವಾಗಿ ಇಳಿಯುತ್ತದೆ, ಇರುವಷ್ಟು ಕಿಣ್ವಕ್ಕೆ ಕೆಲಸ ಮುಗಿಸಲು ಸಮಯ ಸಿಗುತ್ತದೆ.

ಮೊಸರಿನ ಕಥೆ ಬೇರೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಪಾತ್ರೆಯಲ್ಲೇ ತಿಂದು ಹುಳಿಯಾಗಿಸಿರುತ್ತವೆ. ಉಳಿದದ್ದನ್ನು ಒಡೆಯಲು ಅವುಗಳ ಕಿಣ್ವ ನಮ್ಮ ಕರುಳಿನಲ್ಲೂ ನೆರವಾಗುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಖೋವಾ ಹಾಗಲ್ಲ, ಅದರಲ್ಲಿ ನೀರು ಮಾತ್ರ ಆವಿಯಾಗಿ ಹೋಗಿ ಲ್ಯಾಕ್ಟೋಸ್ ಅಲ್ಲೇ ಉಳಿದಿರುತ್ತದೆ. ಹಾಲನ್ನು ಎಷ್ಟು ಕಾಯಿಸಿದರೂ ಆ ಸಕ್ಕರೆ ಹೋಗುವುದಿಲ್ಲ. ಚಿಕ್ಕಮ್ಮನ ಶ್ರಮ ವ್ಯರ್ಥವಾದದ್ದು ಅದಕ್ಕೇ.

ಖಚಿತಪಡಿಸಿಕೊಳ್ಳಲು ಉಸಿರಿನ ಪರೀಕ್ಷೆಯೊಂದಿದೆ. ನಮ್ಮ ದೇಹದ ಜೀವಕೋಶಗಳು ಹೈಡ್ರೋಜನ್ ಅನಿಲ ಮಾಡುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳು ಮಾಡುತ್ತವೆ. ಲ್ಯಾಕ್ಟೋಸ್ ಕರಗಿಸಿದ ನೀರು ಕುಡಿಸಿ, ಸುಮಾರು ಮೂರು ಗಂಟೆ ಆಗಾಗ ಊದಿಸುತ್ತಾರೆ. ಉಸಿರಿನಲ್ಲಿ ಹೈಡ್ರೋಜನ್ ಏರಿದರೆ ಲ್ಯಾಕ್ಟೋಸ್ ಒಡೆಯದೆ ದೊಡ್ಡಕರುಳು ತಲುಪಿದೆ ಎಂದರ್ಥ. ಮನೆಯಲ್ಲಾದರೆ ಎರಡು ವಾರ ಹಾಲು ಬಿಟ್ಟು ಮತ್ತೆ ಕುಡಿದು ನೋಡಬಹುದು. ಜೋರಾದ ವಾಂತಿಭೇದಿಯ ನಂತರ ಕೆಲವು ವಾರ ಹಾಲು ಆಗದಿರುವುದೂ ಉಂಟು. ಕರುಳಿನ ಒಳಮೈ ಮಾಯ್ದಂತೆ ಅದು ಸರಿಹೋಗುತ್ತದೆ. ಆದರೆ ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ ಕಂಡರೆ ಹಾಲನ್ನು ದೂರಿ ಸುಮ್ಮನಿರಬಾರದು, ವೈದ್ಯರಿಗೆ ತೋರಿಸಲೇಬೇಕು. ಹಾಲು ಕುಡಿದೊಡನೆ ಮೈ ದದ್ದು, ತುಟಿ ಬಾವು, ಉಸಿರಾಟದ ತೊಂದರೆ ಬಂದರೆ ಅದು ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು. ಅಂಥವರಿಗೆ ಸ್ವಲ್ಪ ಹಾಲೂ ಅಪಾಯ.

ಚಿಕ್ಕಪ್ಪ ಈಗ ಅರ್ಧ ಲೋಟ ಹಾಲನ್ನು ಇಡ್ಲಿ ತಿಂದ ಮೇಲೆ ಕುಡಿಯುತ್ತಾರೆ. ಉಳಿದ ಕ್ಯಾಲ್ಸಿಯಮ್ಮಿಗೆ ಮಧ್ಯಾಹ್ನದ ಮೊಸರು, ರಾತ್ರಿಯ ರಾಗಿಮುದ್ದೆ ಇವೆ. ಹೊಟ್ಟೆ ಸದ್ದು ಮಾಡಿಲ್ಲ.