ಬಿಲ್ಲಿನ ಆ ಎರಡು ಸಾಲು

‘ಡಿಸ್‌ಪ್ಲೇಗೆ ಮೂರು ತಿಂಗಳ ವಾರಂಟಿ. ಒಡೆದರೆ, ನೀರು ಹೋದರೆ ಇಲ್ಲ.’ ಮೊಬೈಲ್ ರಿಪೇರಿ ಅಂಗಡಿಯ ಬಿಲ್ಲಿನಲ್ಲಿ ಇಂಥ ಎರಡು ಸಾಲು ಇರುತ್ತವೆ. ಈ ವಾರಂಟಿ ಇಡೀ ಫೋನಿಗಲ್ಲ. ಅಂಗಡಿಯವರು ಹಾಕಿದ ಭಾಗಕ್ಕೆ ಮತ್ತು ಅದನ್ನು ಕೂರಿಸಿದ ಕೆಲಸಕ್ಕೆ ಮಾತ್ರ.

ಹೊಸ ಡಿಸ್‌ಪ್ಲೇ ಹಾಕಿಸಿ ಒಂದು ತಿಂಗಳಾಗಿದೆ ಎನ್ನಿ. ಫೋನ್ ಬಿದ್ದಿಲ್ಲ, ಆದರೂ ಒಂದು ಅಂಚಿನಲ್ಲಿ ಟಚ್ ಕೆಲಸ ಮಾಡುತ್ತಿಲ್ಲ, ಅಥವಾ ಅಂಟು ಬಿಟ್ಟು ಗಾಜು ಮೇಲೆದ್ದಿದೆ. ಇವು ಭಾಗದ ಅಥವಾ ಕೆಲಸದ ದೋಷ, ವಾರಂಟಿಯೊಳಗೆ ಬರಬೇಕು. ಅದೇ ವೇಳೆ ಚಾರ್ಜಿಂಗ್ ಪಿನ್ ಕೆಟ್ಟರೆ ಅದರ ದುಡ್ಡು ಬೇರೆ.

ತಕರಾರು ಹುಟ್ಟುವುದು ಪರದೆಯಲ್ಲಿ ಗೆರೆ ಮೂಡಿದಾಗ. ಅಂಗಡಿಯವರು ಮೊದಲು ಮೂಲೆಗಳನ್ನು ನೋಡುತ್ತಾರೆ. ಕೂದಲೆಳೆಯ ಬಿರುಕು, ಫ್ರೇಮಿನಲ್ಲಿ ತಗ್ಗು ಅಥವಾ ಶಾಯಿ ಚೆಲ್ಲಿದಂಥ ಕಪ್ಪು ಕಲೆ ಕಂಡರೆ ಪೆಟ್ಟು ಬಿದ್ದಿದೆ ಎಂದರ್ಥ. ನೀರಿನ ಅನುಮಾನವಿದ್ದರೆ ಫೋನಿನೊಳಗಿನ ಪುಟ್ಟ ಬಿಳಿ ಗುರುತನ್ನು ನೋಡುತ್ತಾರೆ. ಹಲವು ಫೋನ್‌ಗಳಲ್ಲಿ ಅದು ಸಿಮ್ ಟ್ರೇ ಜಾಗದಲ್ಲೇ ಇರುತ್ತದೆ. ತೇವ ತಾಗಿದರೆ ಅದು ಕೆಂಪಾಗುತ್ತದೆ. ಬೇರೆಡೆ ಬಿಚ್ಚಿಸಿ ಅಂಗಡಿಯ ಸೀಲ್ ಹರಿದಿದ್ದರೂ ವಾರಂಟಿ ಸಾಮಾನ್ಯವಾಗಿ ಸಿಗದು.

ನೀರು ತಡೆಯುವ ಫೋನಾದರೂ ಒಮ್ಮೆ ಬಿಚ್ಚಿದ ಮೇಲೆ ಅದನ್ನು ನಂಬಬೇಡಿ. ಒಳಗಿನ ಅಂಟಿನ ಪಟ್ಟಿ ಮೊದಲಿನಷ್ಟು ಬಿಗಿಯಾಗಿ ಕೂರದಿರಬಹುದು.

ಹಣ ಕೊಡುವ ಮುನ್ನ ಒಂದು ಆ್ಯಪ್ ಐಕಾನನ್ನು ಒತ್ತಿ ಹಿಡಿದು ಪರದೆಯ ತುಂಬ ಎಳೆದಾಡಿ. ಟಚ್ ಸತ್ತ ಜಾಗದಲ್ಲಿ ಅದು ಕೈಜಾರುತ್ತದೆ. ಬಿಲ್ಲಿನಲ್ಲಿ ತಾರೀಕು, ಐಎಂಇಐ ನಂಬರು, ಹಾಕಿದ್ದು ಒರಿಜಿನಲ್ಲೋ ಕಾಪಿಯೋ ಎಂಬುದನ್ನು ಬರೆಸಿಕೊಳ್ಳಿ.