ಚಿತ್ರದ ಮುಂದೆ ನಾಲ್ಕು ನಿಮಿಷ

ತರಗತಿಯ ಮಕ್ಕಳ ಚಿತ್ರಗಳನ್ನು ಗೋಡೆಗೆ ಅಥವಾ ಹಗ್ಗಕ್ಕೆ ಸಾಲಾಗಿ ತೂಗುಹಾಕಿ, ಒಂದೊಂದರ ಮುಂದೆಯೂ ನಿಂತು ನೋಡುತ್ತ, ಅಭಿಪ್ರಾಯ ಬರೆಯುತ್ತ ಸಾಗುವ ಪಾಠಕ್ಕೆ ಗ್ಯಾಲರಿ ವಾಕ್ ಎನ್ನುತ್ತಾರೆ. ಪ್ರತಿ ಮಗುವೂ ತನ್ನ ಒಂದು ಚಿತ್ರವನ್ನು ಇತರರಿಗೆ ಪರಿಚಯಿಸುತ್ತದೆ. ನೋಡಿದವರು ತಮಗೆ ಕಂಡದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ವರ್ಷದ ಕೊನೆಯ ಚಿತ್ರಪ್ರದರ್ಶನಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಪ್ರದರ್ಶನಕ್ಕೆ ಮುಗಿದ ಚಿತ್ರ ಬೇಕು, ಇಲ್ಲಿಗೆ ಮುಗಿಯದ ಚಿತ್ರ ಬೇಕು. ಮುಕ್ಕಾಲು ಪಾಲು ಬಣ್ಣ ತುಂಬಿ ಇನ್ನೂ ತಿದ್ದಲು ಅವಕಾಶವಿರುವಾಗಲೇ ಇನ್ನೊಬ್ಬರ ಮಾತು ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಶಿಕ್ಷಕ ರಾನ್ ಬರ್ಗರ್ ಜನಪ್ರಿಯಗೊಳಿಸಿದ ‘ಆಸ್ಟಿನ್ಸ್ ಬಟರ್‌ಫ್ಲೈ’ ಎಂಬ ಉದಾಹರಣೆಯಲ್ಲಿ ಒಂದನೇ ತರಗತಿಯ ಹುಡುಗನೊಬ್ಬ ಒಂದೇ ಚಿಟ್ಟೆಯನ್ನು ಮತ್ತೆ ಮತ್ತೆ ಬಿಡಿಸುತ್ತಾನೆ. ಸಹಪಾಠಿಗಳು ಮೊದಲು ರೆಕ್ಕೆಯ ಆಕಾರದ ಬಗ್ಗೆ, ಅದು ಸರಿಹೋದ ಮೇಲೆ ರೆಕ್ಕೆಯ ಮೇಲಿನ ಪಟ್ಟೆಗಳ ಬಗ್ಗೆ ಹೇಳುತ್ತಾರೆ. ಪ್ರತಿ ಮಾತಿನ ನಂತರವೂ ಹೊಸ ಚಿತ್ರಕ್ಕೆ ಅವಕಾಶವಿದ್ದುದರಿಂದಲೇ ಆ ಮಾತುಗಳಿಗೆ ಬೆಲೆ ಬಂದಿತು.

ನಡೆಸುವವರಿಗೆ ಮೊದಲು ಎದುರಾಗುವುದು ಸಮಯದ ಲೆಕ್ಕ. ಎಂಟನೇ ತರಗತಿಯಲ್ಲಿ 32 ಮಕ್ಕಳಿದ್ದಾರೆ, ಪಿರಿಯಡ್ 40 ನಿಮಿಷದ್ದು ಎಂದುಕೊಳ್ಳಬಹುದು. ಒಬ್ಬೊಬ್ಬರೂ ಇಡೀ ತರಗತಿಯ ಮುಂದೆ ಎರಡು ನಿಮಿಷ ಮಾತಾಡಿದರೂ 64 ನಿಮಿಷ ಬೇಕು; ಹತ್ತನೆಯವರ ಹೊತ್ತಿಗೆ ಕೇಳುವವರ ಗಮನ ಬೇರೆಡೆಗೆ ಹೋಗಿರುತ್ತದೆ. ಅದಕ್ಕಾಗಿ ಅರ್ಧ ಮಕ್ಕಳು ತಮ್ಮ ಚಿತ್ರದ ಪಕ್ಕ ನಿಲ್ಲುತ್ತಾರೆ, ಇನ್ನರ್ಧ ನಡೆಯುತ್ತಾರೆ, ಆಮೇಲೆ ಸರದಿ ಬದಲಾಗುತ್ತದೆ. ಒಂದು ಚಿತ್ರದ ಮುಂದೆ ನಾಲ್ಕು ನಿಮಿಷ, ಒಬ್ಬರಿಗೆ ನಾಲ್ಕು ಚಿತ್ರ ಎಂದರೆ ಒಂದು ಸರದಿಗೆ 16 ನಿಮಿಷ, ಎರಡಕ್ಕೆ 32. ತೂಗುಹಾಕಲು, ನಿಯಮ ತಿಳಿಸಲು, ಚೀಟಿ ಓದಲು ಸಮಯ ಸೇರಿಸಿದರೆ ಎರಡು ಪಿರಿಯಡ್ ಒಟ್ಟಿಗೆ ಬೇಕಾಗುತ್ತದೆ. ಪ್ರತಿ ಮಗುವಿಗೂ ಸಿಗುವುದು ನಾಲ್ಕೇ ಅಭಿಪ್ರಾಯ. ಅದು ಕಡಿಮೆಯೆನಿಸಿದರೂ ಮೂವತ್ತು ಅವಸರದ ಚೀಟಿಗಳಿಗಿಂತ ನಿಧಾನವಾಗಿ ನೋಡಿ ಬರೆದ ನಾಲ್ಕು ಹೆಚ್ಚು ಕೆಲಸಕ್ಕೆ ಬರುತ್ತವೆ.

ಯಾರು ಯಾರ ಚಿತ್ರ ನೋಡಬೇಕು ಎಂಬುದನ್ನು ಮಕ್ಕಳಿಗೇ ಬಿಟ್ಟರೆ ಗೆಳೆಯರ ಮುಂದೆ ಗುಂಪು ಸೇರುತ್ತದೆ, ಕೆಲವು ಚಿತ್ರಗಳ ಮುಂದೆ ಯಾರೂ ನಿಲ್ಲುವುದಿಲ್ಲ. ಚೀಟಿ ಎತ್ತಿಸಿ 1ರಿಂದ 32ರವರೆಗೆ ಸಂಖ್ಯೆ ಕೊಟ್ಟು, ಅದೇ ಕ್ರಮದಲ್ಲಿ ಚಿತ್ರ ತೂಗುಹಾಕಿದರೆ ಈ ತೊಂದರೆ ತಪ್ಪುತ್ತದೆ. ಮೊದಲ ಸರದಿಯಲ್ಲಿ ಬೆಸ ಸಂಖ್ಯೆಯವರು ನಿಲ್ಲುತ್ತಾರೆ. ಸಮ ಸಂಖ್ಯೆಯವರು ತಮ್ಮ ಹಿಂದಿನ ಸಂಖ್ಯೆಯ ಚಿತ್ರದಿಂದ ಶುರುಮಾಡಿ ಬೆಸ ಸಂಖ್ಯೆಗಳಲ್ಲೇ ಮುಂದೆ ಸಾಗುತ್ತಾರೆ. 31 ಆದ ಮೇಲೆ 1ಕ್ಕೆ ಬರುತ್ತಾರೆ. ಮಾತಾಡುತ್ತಿರುವ ಇಬ್ಬರ ನಡುವೆ ಯಾರೂ ನಿಲ್ಲದ ಒಂದು ಚಿತ್ರ ಇರುವುದರಿಂದ ಗದ್ದಲವೂ ಕಡಿಮೆ. ಎರಡನೇ ಸರದಿಯಲ್ಲಿ ನಡೆಯುವವರು ತಮ್ಮ ಸಂಖ್ಯೆಗೆ ಮೂರು ಕೂಡಿಸಿ ಬರುವ ಚಿತ್ರದಿಂದ ಹೊರಡುತ್ತಾರೆ. ಅಂದರೆ 1ನೇ ಸಂಖ್ಯೆಯವರು 4ರಿಂದ. ಹೀಗೆ ಮಾಡಿದರೆ ತನ್ನ ಚಿತ್ರಕ್ಕೆ ಬರೆದವರ ಚಿತ್ರಕ್ಕೆ ತಾನೇ ಬರೆಯುವ ಪ್ರಸಂಗ ಯಾರಿಗೂ ಬರುವುದಿಲ್ಲ. ಹೊಗಳಿದ್ದಕ್ಕೆ ಹೊಗಳಿಕೆ, ಟೀಕಿಸಿದ್ದಕ್ಕೆ ಟೀಕೆ ಎಂಬ ಕೊಡುಕೊಳ್ಳುವಿಕೆಗೆ ದಾರಿಯೇ ಇರದು.

ಒಂದೊಂದು ಚಿತ್ರಕ್ಕೆ ಎರಡೂವರೆ ಅಡಿ ಜಾಗ ಕೊಟ್ಟರೆ 32 ಚಿತ್ರಗಳಿಗೆ 80 ಅಡಿ ಬೇಕು. ಬಾಗಿಲು, ಕಿಟಕಿ, ಕಪ್ಪುಹಲಗೆ ಕಳೆದರೆ ಸಾಧಾರಣ ತರಗತಿಯ ಗೋಡೆಗಳಲ್ಲಿ ಅಷ್ಟು ಜಾಗ ಸಿಗದು. ವರಾಂಡದ ಕಂಬದಿಂದ ಕಂಬಕ್ಕೆ ನೂಲಿನ ಹಗ್ಗ ಬಿಗಿದು, ಬಟ್ಟೆ ಒಣಹಾಕುವ ಕ್ಲಿಪ್ ಬಳಸಬಹುದು. ಸೆಲ್ಲೋ ಟೇಪ್ ಕೀಳುವಾಗ ಕಾಗದದ ಮೇಲ್ಪದರ ಎದ್ದುಬರುತ್ತದೆ, ಕ್ಲಿಪ್ಪಿಗೆ ಆ ಅಪಾಯವಿಲ್ಲ. ಹದಿಮೂರು ವರ್ಷದವರ ಕಣ್ಣಿನ ಮಟ್ಟಕ್ಕೆ ಬರಲು ಚಿತ್ರದ ನಡುಭಾಗ ನೆಲದಿಂದ ಸುಮಾರು ನಾಲ್ಕೂಕಾಲು ಅಡಿ ಎತ್ತರದಲ್ಲಿದ್ದರೆ ಸಾಕು. ಕಿಟಕಿಗೆ ಅಡ್ಡವಾಗಿ ತೂಗುಹಾಕಬಾರದು; ಹಿಂದಿನಿಂದ ಬರುವ ಬೆಳಕಿಗೆ ಕಾಗದ ಹೊಳೆದು ಬಣ್ಣಗಳು ಮಂಕಾಗಿ ಕಾಣುತ್ತವೆ.

ನಾಲ್ಕು ನಿಮಿಷದಲ್ಲಿ ಮೊದಲ ಅರ್ಧ ನಿಮಿಷ ಮೌನ. ನೋಡುವವರು ಆರು ಅಡಿ ದೂರ ನಿಂತು, ಕಣ್ಣಿಗೆ ಮೊದಲು ಬಿದ್ದದ್ದು ಯಾವುದೆಂದು ಚೀಟಿಯಲ್ಲಿ ಬರೆಯುತ್ತಾರೆ. ಚಿತ್ರ ಬಿಡಿಸಿದವರ ಮಾತು ಕಿವಿಗೆ ಬಿದ್ದ ಮೇಲೆ ಆ ಮೊದಲ ನೋಟ ಮತ್ತೆ ಸಿಗುವುದಿಲ್ಲ. ನಂತರ ಒಂದು ನಿಮಿಷ ಬಿಡಿಸಿದವರದು: ಏನು ಬಿಡಿಸಿದ್ದು, ಯಾವ ಬಣ್ಣದಲ್ಲಿ, ಎಲ್ಲಿ ಸಿಕ್ಕಿಹಾಕಿಕೊಂಡದ್ದು. ಮಾತು ಒಂದು ಪ್ರಶ್ನೆಯಲ್ಲಿ ಮುಗಿಯಬೇಕು. ಉಳಿದ ಸಮಯದಲ್ಲಿ ನೋಡುವವರು ಹತ್ತಿರ ಹೋಗಿ, ಆ ಪ್ರಶ್ನೆಗೆ ಉತ್ತರವನ್ನೂ ಒಂದು ಸಲಹೆಯನ್ನೂ ಬರೆದು, ಚೀಟಿ ಮಡಚಿ ಚಿತ್ರದ ಹಿಂದೆ ಸಿಕ್ಕಿಸಿದ ಲಕೋಟೆಯಲ್ಲಿ ಹಾಕುತ್ತಾರೆ. ಮಡಚದಿದ್ದರೆ ಎರಡನೆಯವರು ಮೊದಲನೆಯವರದನ್ನೇ ನಕಲು ಮಾಡುತ್ತಾರೆ.

ಒಂದು ಚಿತ್ರವನ್ನೇ ತೆಗೆದುಕೊಂಡು ನೋಡಬಹುದು. ಹುಡುಗಿಯೊಬ್ಬಳು ಪೋಸ್ಟರ್ ಕಲರಿನಲ್ಲಿ ಊರಿನ ಸಂತೆ ಬಿಡಿಸಿದ್ದಾಳೆ: ಮುಂದೆ ಸೊಪ್ಪು ಮಾರುವ ಅಜ್ಜಿ, ಹಿಂದೆ ಕೆಂಪು ಕೊಡೆಯ ಕೆಳಗೆ ಬಳೆ ಅಂಗಡಿ. ‘ಚಿತ್ರ ಹೇಗಿದೆ?’ ಎಂದು ಅವಳು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ‘ಅಜ್ಜಿ ಮೊದಲು ಕಾಣುತ್ತಾಳಾ?’ ಎಂದು ಕೇಳಿದರೆ ನೋಡುವವರು ಚಿತ್ರದೊಳಗೇ ಹುಡುಕಿ ಉತ್ತರಿಸಬೇಕಾಗುತ್ತದೆ. ನಾಲ್ಕು ಚೀಟಿಗಳಲ್ಲಿ ಮೂರರಲ್ಲಿ ಮೊದಲು ಕಂಡದ್ದು ಕೆಂಪು ಕೊಡೆ ಎಂದಿದೆ. ಕಾರಣ ಸರಳ: ಇಡೀ ಚಿತ್ರದಲ್ಲಿ ಅಚ್ಚ ಕೆಂಪು ಇರುವುದು ಅಲ್ಲೊಂದೇ ಕಡೆ, ಅಜ್ಜಿಯ ಹಸಿರು ಸೀರೆ ಸೊಪ್ಪಿನ ಹಸಿರಿನಲ್ಲೇ ಬೆರೆತುಹೋಗಿದೆ. ಸಲಹೆಗಳು ಮಾತ್ರ ಬೇರೆಬೇರೆ. ಒಬ್ಬರು ಕೊಡೆ ತೆಗೆ ಎನ್ನುತ್ತಾರೆ, ಒಬ್ಬರು ಅಜ್ಜಿಯನ್ನು ದೊಡ್ಡದು ಮಾಡು ಎನ್ನುತ್ತಾರೆ, ಇನ್ನೊಬ್ಬರು ಸೀರೆಯ ಬಣ್ಣ ಬದಲಿಸು ಎನ್ನುತ್ತಾರೆ. ಅವಳು ಕೊಡೆಯ ಕೆಂಪಿಗೆ ತುಸು ಹಸಿರು ಬೆರೆಸಿ ಮಂಕುಮಾಡಿ, ಸೀರೆಗೆ ಹಳದಿ ಹಚ್ಚುತ್ತಾಳೆ. ಪೋಸ್ಟರ್ ಕಲರ್ ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಪದರ ಹಚ್ಚಬಹುದು. ಜಲವರ್ಣವಾಗಿದ್ದರೆ ಕೆಳಗಿನ ಬಣ್ಣ ಹಾಗೆಯೇ ಕಾಣುತ್ತಿತ್ತು, ತಿದ್ದುಪಡಿಯನ್ನು ಹೊಸ ಹಾಳೆಯಲ್ಲೇ ಮಾಡಬೇಕಾಗುತ್ತಿತ್ತು.

ಈ ವಿಧಾನದ ಬಲವೂ ಮಿತಿಯೂ ಈ ಉದಾಹರಣೆಯಲ್ಲೇ ಕಾಣುತ್ತವೆ. ತಮಗೆ ಏನು ಕಂಡಿತು ಎಂದು ಹೇಳುವುದರಲ್ಲಿ ಮಕ್ಕಳು ನಂಬಿಕಸ್ಥರು. ಅದನ್ನು ಹೇಗೆ ಸರಿಪಡಿಸಬೇಕು ಎನ್ನುವುದರಲ್ಲಿ ಅಷ್ಟಾಗಿ ಅಲ್ಲ. ಹೀಗಾಗಿ ಚೀಟಿ ಓದುವಾಗ ‘ಕಂಡದ್ದು’ ಎಂಬ ಭಾಗವನ್ನು ಒಟ್ಟುಸೇರಿಸಿ ನೋಡಬೇಕು, ‘ಸಲಹೆ’ಯನ್ನು ಆಯ್ಕೆಗೆ ಬಿಡಬೇಕು, ಬಣ್ಣ ಬೆರೆಸುವಂಥ ಕೌಶಲವನ್ನು ಡ್ರಾಯಿಂಗ್ ಶಿಕ್ಷಕರೇ ತೋರಿಸಿಕೊಡಬೇಕು.

ಚೀಟಿ ಟೊಳ್ಳೋ ಗಟ್ಟಿಯೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ: ಅದನ್ನು ಪಕ್ಕದ ಚಿತ್ರದ ಲಕೋಟೆಗೆ ಹಾಕಿದರೂ ಹೊಂದುತ್ತದೆಯೇ? ‘ಬಣ್ಣ ಸೂಪರ್’ ಎಲ್ಲಿಗೂ ಹೊಂದುತ್ತದೆ. ‘ಕೊಡೆಯ ಕೆಂಪು ನನ್ನನ್ನು ಹಿಂದಕ್ಕೆ ಎಳೆಯಿತು’ ಸಂತೆಯ ಚಿತ್ರಕ್ಕೆ ಮಾತ್ರ ಸಲ್ಲುತ್ತದೆ. ಮೊದಲ ನಾಲ್ಕು ನಿಮಿಷ ಮುಗಿದೊಡನೆ ಶಿಕ್ಷಕರು ಕೆಲವು ಲಕೋಟೆ ತೆರೆದು ನೋಡಿ, ಟೊಳ್ಳು ಚೀಟಿಗಳೇ ಹೆಚ್ಚಿದ್ದರೆ ನಡಿಗೆ ನಿಲ್ಲಿಸಿ ತಾವೇ ಬಿಡಿಸಿದ ಒಂದು ಚಿತ್ರದ ಮೇಲೆ ಚೀಟಿ ಬರೆಯಿಸಿ ಅಭ್ಯಾಸ ಮಾಡಿಸುವುದು ಒಳ್ಳೆಯದು. ಆದರೆ ನಡಿಗೆಯ ನಡುವೆ ಅವರು ಯಾವುದೇ ಚಿತ್ರವನ್ನು ಹೊಗಳಬಾರದು. ಶಿಕ್ಷಕರ ಒಂದು ‘ಭಲೇ’ ಕಿವಿಗೆ ಬಿದ್ದರೆ ಮುಂದಿನ ಚೀಟಿಗಳೆಲ್ಲ ಅದನ್ನೇ ಹೇಳತೊಡಗುತ್ತವೆ.

ಮಾತಾಡಲು ಹಿಂಜರಿಯುವ ಮಗು ತನ್ನ ಪ್ರಶ್ನೆಯನ್ನು ಬರೆದು ಚಿತ್ರದ ಕೆಳಗೆ ಅಂಟಿಸಿದರೂ ಸಾಕು. ಚೀಟಿಗಳನ್ನು ಅಂಕಕ್ಕೆ ಬಳಸಬಾರದು. ಅಂಕದ ಸುಳಿವು ಸಿಕ್ಕರೆ ಯಾರೂ ಗೆಳೆಯರ ಕೊರತೆಯನ್ನು ಬರೆಯುವುದಿಲ್ಲ. ಕೊನೆಯಲ್ಲಿ ಪ್ರತಿ ಮಗುವೂ ನಾಲ್ಕು ಚೀಟಿ ಓದಿ, ಬದಲಿಸುವ ಒಂದು ಅಂಶ ಮತ್ತು ಹಾಗೆಯೇ ಉಳಿಸಿಕೊಳ್ಳುವ ಒಂದು ಅಂಶವನ್ನು ಕಾರಣದೊಡನೆ ಚಿತ್ರದ ಹಿಂಬದಿಯಲ್ಲಿ ಬರೆಯುತ್ತದೆ. ಮುಂದಿನ ಚಿತ್ರಕಲೆಯ ಪಿರಿಯಡ್‌ನಲ್ಲಿ ಕೆಲಸ ಶುರುವಾಗುವುದು ಆ ಬರಹದಿಂದ.