ಎಳೆಯ ಸಮತೆ, ಸಮರದ ಅಗತ್ಯ

ನಾನಿರುವ ಶ್ರೀರಾಂಪುರಕ್ಕೆ ಅನತಿದೂರದಲ್ಲಿ, ಮಾನಂದವಾಡಿ ರಸ್ತೆಯಲ್ಲಿ, 1912ರಷ್ಟು ಹಿಂದೆ ಹುಟ್ಟಿದ ರೇಷ್ಮೆ ಕಾರ್ಖಾನೆ ಇಂದಿಗೂ ಸೀರೆ ನೇಯುತ್ತಿದೆ. ಸೀರೆಯ ಈ ನೂಲನ್ನು ಒಮ್ಮೆ ಮಹಾಯುದ್ಧವೂ ಬೇಡಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅಷ್ಟಾಗಿ ಅರಿಯರು.

1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿದ ಮೇಲೆ ಅಲ್ಲಿಯ ರೇಷ್ಮೆ ಮಿತ್ರರಾಷ್ಟ್ರಗಳಿಗೆ ದೊರೆಯದಾಯಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕು. ಭಾರತದಲ್ಲಿ ಅದರ ಮುಖ್ಯ ನೆಲೆ ಮೈಸೂರು ಸಂಸ್ಥಾನ. ಆದರೆ ಗೂಡು ಇದ್ದ ಮಾತ್ರಕ್ಕೆ ಸಾಲದು. ನಮ್ಮ ನೂಲಿನಲ್ಲಿ ಬಹುಪಾಲು ಮನೆಯ ಚರಕದ ಮೇಲೆ ಬಿಚ್ಚಿದ್ದು. ಬಿಸಿನೀರಿನ ಗೂಡುಗಳಿಂದ ಎಳೆಗಳನ್ನು ಅಂದಾಜಿನಲ್ಲಿ ಕೂಡಿಸುವುದರಿಂದ ನೂಲು ಒಂದೆಡೆ ದಪ್ಪ, ಒಂದೆಡೆ ತೆಳು. ಸೀರೆ ಇದನ್ನು ಸಹಿಸೀತು. ಮನುಷ್ಯನ ಭಾರ ಹೊರುವ ಬಟ್ಟೆ ತೆಳುವಾದಲ್ಲಿಯೇ ಹರಿದೀತು.

ಈ ದೋಷವನ್ನು ತಕ್ಕಡಿ ಹೇಳುತ್ತದೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. 14 ಡೆನಿಯರಿನ ನೂಲು 450 ಮೀಟರಿಗೆ 0.7 ಗ್ರಾಂ ತೂಗಬೇಕು. ಅದೇ ಉದ್ದದ ಇನ್ನೊಂದು ಲಡಿ 1 ಗ್ರಾಂ ತೂಗಿದರೆ ಅದು 20 ಡೆನಿಯರ್. ಎರಡೂ ಒಂದೇ ಬಟ್ಟೆಗೆ ಒದಗವು.

ಆದುದರಿಂದ ಫಿಲೇಚರುಗಳು ಬೇಕಾದುವು. ಅಲ್ಲಿ ಕೆಲಸಗಾರ್ತಿ ಎಣಿಸಿದಷ್ಟೇ ಎಳೆಗಳನ್ನು ಕೂಡಿಸಿ, ಒಂದು ಗೂಡು ತೀರಿದೊಡನೆ ಮತ್ತೊಂದರ ಎಳೆಯನ್ನು ಹಚ್ಚುತ್ತಾಳೆ. ಯಂತ್ರವನ್ನು ಹಣದಿಂದ ತರಬಹುದು. ಆ ಕಣ್ಣು, ಆ ಬೆರಳು ಸಿದ್ಧವಾಗಲು ಕಾಲ ಬೇಕು. ಸರ್ಕಾರದ ಆಜ್ಞೆ ಈ ಕಾಲವನ್ನು ಮೊಟಕುಮಾಡಲಾರದು.

1945ರಲ್ಲಿ ಯುದ್ಧ ಮುಗಿಯಿತು. ಅಷ್ಟರಲ್ಲಿ ಪ್ಯಾರಾಚೂಟಿಗೆ ನೈಲಾನು ಬಂದಿದ್ದಿತು. ಸೇನೆಯ ಬೇಡಿಕೆ ಹಿಂಗಿದರೂ ಹಿಪ್ಪುನೇರಳೆಯ ತೋಟ ಹಾಗೆಯೇ ನಿಂತಿತ್ತು. ರೇಷ್ಮೆಯ ಹಿತಕ್ಕಾಗಿ ಕೇಂದ್ರ ರೇಷ್ಮೆ ಮಂಡಳಿ ಏರ್ಪಟ್ಟುದು 1949ರಲ್ಲಿ. ಯುದ್ಧ ಕೈಗಳನ್ನು ಬೇಗ ಕರೆಯುತ್ತದೆ. ಕರೆದ ಕೈಗಳಿಗೆ ಮತ್ತೆ ಕೆಲಸ ಹುಡುಕುವ ಹೊಣೆ ಶಾಂತಿಯ ಪಾಲಿಗೆ ಉಳಿಯುತ್ತದೆ.